ಗ್ಲಿಸರಿನ್‌ನಲ್ಲಿ ತೂಗುವ ಹಲಗೆ: ಪಾರದಿಂದ ಒಂದು ಆಳ, ಫೇಸ್‌ನಿಂದ ಇನ್ನೊಂದು ಆಳ ಬರುತ್ತಿದೆ

ಲ್ಯಾಬ್_ಮೇಷ್ಟ್ರು

ಪದವಿ ತರಗತಿಯ ಮಕ್ಕಳಿಗೆ ತೋರಿಸಲೆಂದು ಒಂದು ಪ್ರಯೋಗ ಕಟ್ಟುತ್ತಿದ್ದೇನೆ. ಸ್ನಿಗ್ಧ ದ್ರವದಲ್ಲಿ ಚಪ್ಪಟೆ ಹಲಗೆಯೊಂದು ತನ್ನದೇ ಸಮತಲದಲ್ಲಿ ಹಿಂದೆ ಮುಂದೆ ಆಡಿದರೆ ಪಕ್ಕದ ದ್ರವದ ಪದರಗಳು ಹೇಗೆ ಹಿಂಬಾಲಿಸುತ್ತವೆ ಎಂಬುದನ್ನು ಕಣ್ಣಿಗೆ ಕಾಣಿಸಬೇಕು. ಪಾಠದಲ್ಲಿ ಬರುವ ಉತ್ತರ ಎಲ್ಲರಿಗೂ ಗೊತ್ತು:

u = U e^(−y/δ) cos(ωt − y/δ),  δ = √(2ν/ω)

ಇಲ್ಲಿ U ಹಲಗೆಯ ಗರಿಷ್ಠ ವೇಗ, y ಹಲಗೆಯಿಂದ ದೂರ, ω ಕೋನೀಯ ಆವೃತ್ತಿ, ν ದ್ರವದ ಸ್ನಿಗ್ಧತೆಯನ್ನು ಸಾಂದ್ರತೆಯಿಂದ ಭಾಗಿಸಿದ್ದು. δ ಎಂಬುದೇ ಆಳ: ಅಷ್ಟು ದೂರ ಹೋದರೆ ಚಲನೆ e ಪಟ್ಟು ತಗ್ಗುತ್ತದೆ.

ನನ್ನ ಏರ್ಪಾಡು ಹೀಗಿದೆ. 400 ಮಿಲಿಮೀಟರ್ ಉದ್ದದ ಅಕ್ರಿಲಿಕ್ ತೊಟ್ಟಿ. ನಡುವೆ 3 ಮಿ.ಮೀ. ದಪ್ಪ, 300 ಮಿ.ಮೀ. ಉದ್ದದ ಅಕ್ರಿಲಿಕ್ ಹಲಗೆ ನೆಟ್ಟಗೆ ನಿಂತಿದೆ. ಎರಡೂ ಬದಿಯಲ್ಲಿ ತೊಟ್ಟಿಯ ಗೋಡೆಗೆ 40 ಮಿ.ಮೀ. ಜಾಗ. 120 ಆರ್‌ಪಿಎಂ ಗೇರ್ ಮೋಟರ್ ಒಂದು ಕ್ರ್ಯಾಂಕ್ ಮೂಲಕ ಹಲಗೆಯನ್ನು ಉದ್ದಕ್ಕೆ ಎಳೆದು ತಳ್ಳುತ್ತದೆ. ಅಂದರೆ ಆವೃತ್ತಿ 2 ಹರ್ಟ್ಸ್. ಪಾರ, ಎಂದರೆ ನಡುವಿನಿಂದ ಒಂದು ಬದಿಗೆ ಸರಿಯುವ ಗರಿಷ್ಠ ದೂರ, 5 ಮಿ.ಮೀ. ದ್ರವದ ಮೇಲ್ಮೈ ಅಲುಗಬಾರದೆಂದು ಗಾಜಿನ ಮುಚ್ಚಳವನ್ನು ದ್ರವಕ್ಕೆ ತಾಗುವಂತೆ ಇಟ್ಟಿದ್ದೇನೆ. ಹಲಗೆಯ ಸರಳು ಬರಲು ಮುಚ್ಚಳದಲ್ಲಿ ಒಂದು ಸೀಳು ಬಿಟ್ಟರೆ ಉಳಿದದ್ದೆಲ್ಲ ಮುಚ್ಚಿದೆ.

ಗುರುತಿಗೆ ಬಣ್ಣ ಹಾಕಿಲ್ಲ. ಗ್ಲಿಸರಿನ್ ಸುರಿಯುವಾಗ ಒಳಗೆ ಸಿಕ್ಕಿಕೊಂಡ ಸಣ್ಣ ಗಾಳಿಗುಳ್ಳೆಗಳೇ ಸಾಕಾದವು. ಕೂದಲಿಗಿಂತ ಸ್ವಲ್ಪ ದಪ್ಪದ ಗುಳ್ಳೆ ಗ್ಲಿಸರಿನ್‌ನಲ್ಲಿ ಎಷ್ಟು ನಿಧಾನವಾಗಿ ಏರುತ್ತದೆಂದರೆ ಒಂದು ನಿಮಿಷದ ವಿಡಿಯೊದಲ್ಲಿ ಅದು ನಿಂತಲ್ಲೇ ನಿಂತಂತೆ ಕಾಣುತ್ತದೆ. ಮೊಬೈಲ್‌ನಲ್ಲಿ ಸೆಕೆಂಡಿಗೆ 240 ಚೌಕಟ್ಟು ತೆಗೆದರೆ ಒಂದು ಆವರ್ತಕ್ಕೆ 120 ಚಿತ್ರ ಸಿಗುತ್ತವೆ, ಚಿತ್ರಕ್ಕೆ 3 ಡಿಗ್ರಿ.

ಕೋಣೆಯ ಉಷ್ಣತೆ 27 ಡಿಗ್ರಿ. ಈ ಉಷ್ಣತೆಯಲ್ಲಿ ಶುದ್ಧ ಗ್ಲಿಸರಿನ್‌ಗೆ δ ಸುಮಾರು 10 ಮಿ.ಮೀ. ಬರಬೇಕು. ಹಲಗೆಯ ಹತ್ತಿರ ಎಲ್ಲ ಸರಿ ಇದೆ. ಆದರೆ ಹಲಗೆಯಿಂದ 30 ಮಿ.ಮೀ. ದೂರದ ಗುಳ್ಳೆಗಳು ಹಲಗೆಗೆ ಹೆಚ್ಚುಕಡಿಮೆ ಎದುರಾಗಿ ಚಲಿಸುತ್ತವೆ, ಅದೂ ಸುಮಾರು 1 ಮಿ.ಮೀ. ಪಾರದಲ್ಲಿ. ಅಲ್ಲಿ ಇಷ್ಟು ಚಲನೆ ಇರಬಾರದು. ಪಾರದ ಲಾಗ್ ಎಳೆದು δ ತೆಗೆದರೆ ಒಂದು ಬೆಲೆ, ಫೇಸ್ ಎಳೆದು ತೆಗೆದರೆ ಇನ್ನೊಂದು. ಎಲ್ಲಿ ತಪ್ಪಿದೆ?

ನಿವೃತ್ತ_ಎಂಜಿನಿಯರ್

ಮೇಷ್ಟ್ರೇ, ತಪ್ಪೇನೂ ಇಲ್ಲ. ನೀವು ಬರೆದ ಸೂತ್ರದಲ್ಲೇ ಉತ್ತರ ಇದೆ. ಫೇಸ್ y/δ ಆದ ಕಾರಣ y = πδ ಆದಲ್ಲಿ ಪದರವು ಹಲಗೆಗಿಂತ 180 ಡಿಗ್ರಿ ಹಿಂದೆ ಬೀಳುತ್ತದೆ. δ 10 ಆದರೆ πδ ಅಂದರೆ 31 ಮಿ.ಮೀ. ನಿಮ್ಮ 30 ಮಿ.ಮೀ.ನ ಗುಳ್ಳೆಗಳು ಎದುರು ದಿಕ್ಕಿಗೆ ಹೋಗುವುದು ಸಹಜ. ಹಲಗೆ ಬಲಕ್ಕೆ ಹೋಗುವಾಗ ಆ ಪದರ ಇನ್ನೂ ಅರ್ಧ ಆವರ್ತದ ಹಿಂದಿನ ಆಜ್ಞೆಯನ್ನು ಪಾಲಿಸುತ್ತಿರುತ್ತದೆ. ಇದನ್ನೇ ಮಕ್ಕಳಿಗೆ ತೋರಿಸಿ, ಸೊಗಸಾಗಿದೆ.

ಕಾರ್ಖಾನೆ_ಹುಬ್ಬಳ್ಳಿ

ನಮ್ಮಲ್ಲಿ ಎಣ್ಣೆಯೊಳಗೆ ಒಂದು ತಟ್ಟೆ ಮೇಲೆ ಕೆಳಗೆ ಬಡಿಯುವ ಡ್ಯಾಂಪರ್ ಇದೆ. ತಟ್ಟೆಯ ಹತ್ತಿರ ಎಣ್ಣೆ ಎರಡೂ ಬದಿಯಿಂದ ಸುತ್ತಿಕೊಂಡು ಬರುತ್ತದೆ. ಈ δ ಸೂತ್ರದಿಂದ ಅದರ ಪ್ರತಿರೋಧ ಲೆಕ್ಕ ಹಾಕಬಹುದೇ? ಆವೃತ್ತಿ 15 ಹರ್ಟ್ಸ್.

ಸ್ನಿಗ್ಧತೆ

ಹುಬ್ಬಳ್ಳಿಯವರಿಗೆ ಮೊದಲು: ನಿಮ್ಮ ತಟ್ಟೆ ತನ್ನ ಮುಖದ ದಿಕ್ಕಿಗೇ ಬಡಿಯುತ್ತದೆ, ಮೇಷ್ಟ್ರ ಹಲಗೆ ತನ್ನ ಸಮತಲದಲ್ಲೇ ಜಾರುತ್ತದೆ. ನಿಮ್ಮಲ್ಲಿ ದ್ರವ ಒತ್ತಡದಿಂದ ತಳ್ಳಲ್ಪಡುತ್ತದೆ, ಅಂಚಿನಲ್ಲಿ ಸುಳಿ ಬಿಡುತ್ತದೆ. ಮೇಷ್ಟ್ರ ಸೂತ್ರದಲ್ಲಿ ಒತ್ತಡಕ್ಕೆ ಪಾತ್ರವೇ ಇಲ್ಲ, ಒಂದು ಪದರ ಮುಂದಿನ ಪದರವನ್ನು ಉಜ್ಜಿ ಎಳೆಯುವುದಷ್ಟೇ. ಈ ಸೂತ್ರ ನಿಮ್ಮ ಡ್ಯಾಂಪರಿಗೆ ಒಗ್ಗುವುದಿಲ್ಲ.

ಎಂಜಿನಿಯರ್ ಸರ್, 180 ಡಿಗ್ರಿಯ ಮಾತು ಸರಿ. ಆದರೆ ಪಾರವನ್ನೂ ಜೊತೆಗೇ ನೋಡಬೇಕು. ಫೇಸ್ π ರೇಡಿಯನ್ ಹಿಂದೆ ಬಿದ್ದ ಪದರದಲ್ಲಿ ಪಾರ e^(−π) ಆಗಿರಲೇಬೇಕು, ಅಂದರೆ ಹಲಗೆಯ ಪಾರದ ನೂರಕ್ಕೆ 4.3. ಮೇಷ್ಟ್ರ 5 ಮಿ.ಮೀ.ಗೆ ಅದು 0.2 ಮಿ.ಮೀ. ಅವರು ನೋಡುತ್ತಿರುವುದು 1 ಮಿ.ಮೀ., ಐದು ಪಟ್ಟು. ಫೇಸ್ ಹೊಂದಿತೆಂದು ಅಲ್ಲಿಗೇ ನಿಲ್ಲಿಸಿದರೆ ಬೇರೆ ಏನೋ ಒಂದು ಚಲನೆಯನ್ನು ಈ ಅಲೆಯೆಂದು ತಪ್ಪು ತಿಳಿಯುತ್ತೇವೆ.

ಈ ಸಮಸ್ಯೆಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದೇ. ಪಾರದ ಕುಸಿತ ಮತ್ತು ಫೇಸ್‌ನ ಹಿಂದುಳಿಕೆ ಎರಡಕ್ಕೂ ಒಂದೇ δ. ಪದರವೊಂದು ಪ್ರತಿ ಒಂದು ರೇಡಿಯನ್ ಹಿಂದೆ ಬೀಳುವಾಗಲೂ ಅದರ ಪಾರ e ಪಟ್ಟು ಕುಗ್ಗಬೇಕು. ಸ್ನಿಗ್ಧತೆ ಎಷ್ಟೇ ಇರಲಿ, ಆವೃತ್ತಿ ಎಷ್ಟೇ ಇರಲಿ, ಈ ನಂಟು ಬದಲಾಗುವುದಿಲ್ಲ. ಆದುದರಿಂದ ಸ್ನಿಗ್ಧತೆಯ ಬೆಲೆ ಗೊತ್ತಿಲ್ಲದೆಯೇ ನಿಮ್ಮ ಏರ್ಪಾಡು ಸರಿಯಿದೆಯೇ ಎಂದು ಪರೀಕ್ಷಿಸಬಹುದು. ಎರಡು δ ಬೇರೆ ಬೇರೆ ಬಂದರೆ ಏರ್ಪಾಡಿನಲ್ಲೋ ದ್ರವದಲ್ಲೋ ಸೂತ್ರ ಎಣಿಸದ ಒಂದು ಸಂಗತಿ ನುಸುಳಿದೆ. ಎರಡೂ ಯಾವ ಕಡೆಗೆ ಬೇರೆಯಾದವು ಎಂಬುದರಿಂದ ಆ ಸಂಗತಿ ಯಾವುದೆಂದೂ ಊಹಿಸಬಹುದು.

ಮೇಷ್ಟ್ರೇ, ಒಂದು ಪ್ರಶ್ನೆ. 25 ಮಿ.ಮೀ. ಆಚೆಯ ಗುಳ್ಳೆಗಳು ಒಂದರ ನಂತರ ಒಂದು ತಿರುಗುತ್ತವೆಯೋ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೆ ತಿರುಗುತ್ತವೆಯೋ?

ಲ್ಯಾಬ್_ಮೇಷ್ಟ್ರು

ಈಗ ವಿಡಿಯೊ ಮತ್ತೆ ನೋಡಿದೆ. ಹಲಗೆಯ ಹತ್ತಿರ 15 ಮಿ.ಮೀ.ವರೆಗೆ ಸ್ಪಷ್ಟವಾಗಿ ಒಂದಾದ ಮೇಲೊಂದು ತಿರುಗುತ್ತವೆ, ಬಾಗಿದ ಗೆರೆಯೊಂದು ಹೊರಗೆ ಸರಿದುಹೋಗುವಂತೆ ಕಾಣುತ್ತದೆ. 25ರಿಂದ 33ರ ನಡುವಿನವು ಬಹುತೇಕ ಒಂದು ತಂಡದಂತೆ ಒಟ್ಟಿಗೇ ಹೋಗಿ ಒಟ್ಟಿಗೇ ಬರುತ್ತವೆ.

ಸ್ನಿಗ್ಧತೆ

ಹಾಗಾದರೆ ಅದು ಮರಳಿ ಬರುವ ಹರಿವು. ಹಲಗೆ ಬಲಕ್ಕೆ ಹೋಗುವಾಗ ತನ್ನೊಡನೆ ಒಂದಿಷ್ಟು ದ್ರವವನ್ನು ಬಲಕ್ಕೆ ಎಳೆದೊಯ್ಯುತ್ತದೆ. ನಿಮ್ಮ ತೊಟ್ಟಿ ಎರಡೂ ತುದಿಯಲ್ಲಿ ಮುಚ್ಚಿದೆ, ಮೇಲೆ ಗಾಜಿದೆ. ಬಲಕ್ಕೆ ಹೋದದ್ದು ಎಲ್ಲಿಯೂ ಶೇಖರವಾಗುವಂತಿಲ್ಲ, ಆದ್ದರಿಂದ ಅದೇ ಹೊತ್ತಿಗೆ ಅಷ್ಟೇ ದ್ರವ ಬೇರೆ ದಾರಿಯಲ್ಲಿ ಎಡಕ್ಕೆ ಬರಬೇಕು. ತುದಿಗಳಲ್ಲಿ ಒತ್ತಡ ಏರಿ ಆ ಕೆಲಸ ಮಾಡಿಸುತ್ತದೆ. ಒತ್ತಡ ಇಡೀ ಜಾಗಕ್ಕೆ ಒಮ್ಮೆಲೇ ತಟ್ಟುವುದರಿಂದ ದೂರದ ಗುಳ್ಳೆಗಳೆಲ್ಲ ಒಟ್ಟಿಗೆ ಚಲಿಸುತ್ತವೆ. ಪದರದಿಂದ ಪದರಕ್ಕೆ ದಾಟುವ ಅಲೆಯಾಗಿದ್ದರೆ ಹಾಗೆ ಆಗುತ್ತಿರಲಿಲ್ಲ.

ಎಷ್ಟು ಎಂದು ಲೆಕ್ಕ ಹಾಕೋಣ. ಸೂತ್ರದ ವೇಗವನ್ನು y ಉದ್ದಕ್ಕೂ ಕೂಡಿಸಿದರೆ ಹಲಗೆಯ ಒಂದು ಬದಿಯಲ್ಲಿ ಸಾಗುವ ದ್ರವ Uδ/√2 ಬರುತ್ತದೆ. δ 10 ಆದರೆ ಇದು ಹಲಗೆಯ ವೇಗದಲ್ಲೇ ಚಲಿಸುವ 7 ಮಿ.ಮೀ. ದಪ್ಪದ ಪದರಕ್ಕೆ ಸಮ. ಇಷ್ಟನ್ನು 40 ಮಿ.ಮೀ. ಜಾಗದಲ್ಲಿ ಹಿಂದಕ್ಕೆ ಕಳುಹಿಸಬೇಕು, ಅಂದರೆ ಹಲಗೆಯ ವೇಗದ ನೂರಕ್ಕೆ 18. ಹಲಗೆಯ 3 ಮಿ.ಮೀ. ದಪ್ಪ ತಳ್ಳುವುದು ಇನ್ನಷ್ಟು ಸೇರುತ್ತದೆ. ಐದನೇ ಒಂದು ಭಾಗ ಎಂದುಕೊಳ್ಳಿ. 5 ಮಿ.ಮೀ.ಗೆ ಐದನೇ ಒಂದು ಭಾಗವೆಂದರೆ ನೀವು ನೋಡಿದ 1 ಮಿ.ಮೀ.

ಲ್ಯಾಬ್_ಮೇಷ್ಟ್ರು

ಬಹಳ ಸ್ಪಷ್ಟವಾಯಿತು ಮೇಡಂ. ಹಾಗಾದರೆ ಮುಚ್ಚಳ ತೆಗೆದುಬಿಡಲೇ? ಮೇಲ್ಮೈ ಏರಿಳಿಯಲು ಬಿಟ್ಟರೆ ಮರಳುವ ಹರಿವಿನ ಅಗತ್ಯವಿರುವುದಿಲ್ಲ ಅಲ್ಲವೇ?

ಸ್ನಿಗ್ಧತೆ

ತೆಗೆದರೆ ಒಂದು ತೊಂದರೆ ಹೋಗಿ ಇನ್ನೊಂದು ಬರುತ್ತದೆ. 400 ಮಿ.ಮೀ. ಉದ್ದದ ತೊಟ್ಟಿಯಲ್ಲಿ ದ್ರವದ ಆಳ 80 ಮಿ.ಮೀ. ಇದ್ದರೆ, ದ್ರವ ಉದ್ದಕ್ಕೆ ತುಳುಕುವ ಸಹಜ ಆವೃತ್ತಿ ಸುಮಾರು 1 ಹರ್ಟ್ಸ್. ನಿಮ್ಮ 2 ಹರ್ಟ್ಸ್ ಅದರಿಂದ ಬಹಳ ದೂರವಿಲ್ಲ. ಆಗ ದೂರದ ದ್ರವ ಎದುರಿಗೆ ಬರುವ ಬದಲು ಹಲಗೆಯ ಜೊತೆಗೇ ಹೆಚ್ಚು ಓಡಾಡಲು ತೊಡಗುತ್ತದೆ. ಓದುವವರಿಗೆ ಇನ್ನೂ ಗೊಂದಲ.

ನನ್ನ ಸಲಹೆ: ಹಲಗೆಗೆ ತುದಿಗಳಿರುವುದೇ ತೊಂದರೆಯ ಮೂಲ, ಆದ್ದರಿಂದ ತುದಿಯಿಲ್ಲದ ಹಲಗೆ ಬಳಸಿ. ಸ್ಟೀಲ್ ಡಬ್ಬಿಯೊಂದನ್ನು ಅಗಲವಾದ ದುಂಡು ಪಾತ್ರೆಯ ನಡುವೆ ನೆಟ್ಟಗೆ ತೂಗುಹಾಕಿ, ಅದರ ಅಕ್ಷದ ಸುತ್ತ ಸ್ವಲ್ಪ ಸ್ವಲ್ಪ ಹಿಂದೆ ಮುಂದೆ ತಿರುಗಿಸಿ. ದ್ರವ ಸುತ್ತ ಹೋಗುತ್ತದೆ, ಎಲ್ಲಿಯೂ ರಾಶಿಯಾಗುವುದಿಲ್ಲ, ಮೇಲ್ಮೈಯೂ ಸಮತಟ್ಟಾಗಿಯೇ ಇರುತ್ತದೆ. ಡಬ್ಬಿಯ ತ್ರಿಜ್ಯ δ ಗಿಂತ ಹಲವು ಪಟ್ಟು ಇದ್ದರೆ ಅದರ ಮೈ ಬಹುತೇಕ ಚಪ್ಪಟೆ ಹಲಗೆಯಂತೆಯೇ ವರ್ತಿಸುತ್ತದೆ.

ನಿವೃತ್ತ_ಎಂಜಿನಿಯರ್

ಡಬ್ಬಿಯ ಉಪಾಯ ಒಪ್ಪಿದೆ. ಇನ್ನೊಂದು ವಿಷಯ. ಹಲಗೆಗೆ ದ್ರವ ಒಡ್ಡುವ ಬಲ ವೇಗಕ್ಕೆ ಅನುಗುಣ, ಘರ್ಷಣೆಯಲ್ಲವೇ. ಹಾಗಾಗಿ ಮೋಟರಿನ ಮೇಲಿನ ಹೊರೆ ವೇಗ ಹೆಚ್ಚಾದಾಗ, ಅಂದರೆ ಹಲಗೆ ನಡುವೆ ಬಂದಾಗ ಗರಿಷ್ಠವಾಗಬೇಕು. ಮೋಟರಿನ ಕರೆಂಟ್ ಅಳೆದರೆ ಸ್ನಿಗ್ಧತೆ ನೇರವಾಗಿ ಸಿಗುತ್ತದೆ, ವಿಡಿಯೊ ಏಕೆ?

ಸ್ನಿಗ್ಧತೆ

ಗರಿಷ್ಠ ನಡುವೆ ಬರುವುದಿಲ್ಲ ಸರ್. ಹಲಗೆ ನಡುವಿಗೆ ತಲುಪುವ ಮೊದಲೇ ಬರುತ್ತದೆ. ಹಲಗೆಯ ಮೈ ಮೇಲಿನ ಉಜ್ಜುವಿಕೆ ಹಲಗೆಯ ವೇಗಕ್ಕಿಂತ 45 ಡಿಗ್ರಿ ಮುಂದಿರುತ್ತದೆ. ಕಾರಣ ಇಷ್ಟೇ: ಉಜ್ಜುವಿಕೆ ಹಲಗೆಯ ವೇಗವನ್ನು ಅವಲಂಬಿಸಿಲ್ಲ, ಹಲಗೆಗೂ ಪಕ್ಕದ ಪದರಕ್ಕೂ ಇರುವ ವೇಗದ ವ್ಯತ್ಯಾಸವನ್ನು ಅವಲಂಬಿಸಿದೆ. ಹಲಗೆ ವೇಗ ಹೆಚ್ಚಿಸಿಕೊಳ್ಳುತ್ತಿರುವಾಗ ಪಕ್ಕದ ಪದರಗಳು ಇನ್ನೂ ಹಿಂದಿನ ನಿಧಾನದಲ್ಲೇ ಇರುತ್ತವೆ, ಆದ್ದರಿಂದ ವ್ಯತ್ಯಾಸ ಆಗಲೇ ದೊಡ್ಡದು. ಹಲಗೆ ತನ್ನ ಗರಿಷ್ಠ ವೇಗಕ್ಕೆ ಬರುವಷ್ಟರಲ್ಲಿ ಪದರಗಳೂ ಓಡತೊಡಗಿರುತ್ತವೆ, ವ್ಯತ್ಯಾಸ ಇಳಿಯುತ್ತಿರುತ್ತದೆ.

45 ಡಿಗ್ರಿ ಎಂದರೆ ಬಲದ ಒಂದು ಪಾಲು ಘರ್ಷಣೆಯಂತೆ ಶಕ್ತಿ ತಿನ್ನುತ್ತದೆ, ಅಷ್ಟೇ ದೊಡ್ಡ ಇನ್ನೊಂದು ಪಾಲು ಹಲಗೆಗೆ ಹೆಚ್ಚುವರಿ ತೂಕ ಕಟ್ಟಿದಂತೆ ವರ್ತಿಸುತ್ತದೆ. ಆ ತೂಕ ಪ್ರತಿ ಬದಿಯಲ್ಲಿ δ/2 ದಪ್ಪದ ದ್ರವಕ್ಕೆ ಸಮ. ಮೇಷ್ಟ್ರ ಹಲಗೆಗೆ ಎರಡೂ ಬದಿ ಸೇರಿ 10 ಮಿ.ಮೀ. ಗ್ಲಿಸರಿನ್. ಹಲಗೆಯೇ 3 ಮಿ.ಮೀ. ಅಕ್ರಿಲಿಕ್! ಅಂದರೆ ಹಲಗೆ ತನ್ನ ಸ್ವಂತ ತೂಕದ ಮೂರೂವರೆ ಪಟ್ಟು ದ್ರವವನ್ನು ಹೊತ್ತುಕೊಂಡು ಓಡಾಡುತ್ತಿದೆ. ಸ್ಟೋಕ್ಸ್ 1851ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧದ ಗುರಿಯೂ ಲೋಲಕದ ಮೇಲೆ ಸುತ್ತಲ ದ್ರವ ಅಥವಾ ಗಾಳಿಯ ಪರಿಣಾಮ ಏನೆಂಬುದೇ. ಗಾಳಿ ಲೋಲಕದ ತೂಗಾಟವನ್ನು ತಗ್ಗಿಸುವುದರ ಜೊತೆಗೆ ಅದರ ಆವರ್ತಕಾಲವನ್ನೂ ಸ್ವಲ್ಪ ಹಿಗ್ಗಿಸುತ್ತದೆ. ಗುರುತ್ವವನ್ನು ಲೋಲಕದಿಂದ ಅಳೆಯುತ್ತಿದ್ದ ಕಾಲದಲ್ಲಿ ಆ ಸಣ್ಣ ತಿದ್ದುಪಡಿ ಬೇಕೇಬೇಕಿತ್ತು.

ಕರೆಂಟ್ ಅಳೆಯಬಹುದು. ಆದರೆ ಗೇರಿನ ಘರ್ಷಣೆ, ಕ್ರ್ಯಾಂಕಿನ ತೂಕ ಎಲ್ಲ ಅದರಲ್ಲೇ ಬೆರೆತಿರುತ್ತವೆ. ಗುಳ್ಳೆಗಳಿಗೆ ಮೋಟರಿನ ಹಂಗಿಲ್ಲ.

ನಿವೃತ್ತ_ಎಂಜಿನಿಯರ್

45 ಡಿಗ್ರಿಯ ವಿವರಣೆ ಮನಸ್ಸಿಗೆ ಹಿಡಿಸಿತು. ಕರೆಂಟಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಹಾಗೆಯೇ ಇದೆ. ಖಾಲಿ ಓಟದ ಕರೆಂಟನ್ನು ಕಳೆದರೆ ಸಾಕಾಗುತ್ತದೆ.

ಲ್ಯಾಬ್_ಮೇಷ್ಟ್ರು

ಡಬ್ಬಿಯ ಏರ್ಪಾಡು ಸಿದ್ಧವಾಗಿದೆ. ಡಬ್ಬಿಯ ತ್ರಿಜ್ಯ 60 ಮಿ.ಮೀ., ಹೊರ ಪಾತ್ರೆಯ ತ್ರಿಜ್ಯ 95. ನಡುವೆ 35 ಮಿ.ಮೀ. ಗ್ಲಿಸರಿನ್. ಡಬ್ಬಿಯ ಮೈಯಲ್ಲಿ ಪಾರ 5 ಮಿ.ಮೀ., ಆವೃತ್ತಿ ಅದೇ 2 ಹರ್ಟ್ಸ್. ಮುಚ್ಚಳವಿಲ್ಲ. ಥರ್ಮಾಕೋಲ್ ಉಜ್ಜಿ ಬಿದ್ದ ಪುಡಿಯನ್ನು ಮೇಲ್ಮೈಗೆ ಉದುರಿಸಿ ಮೇಲಿನಿಂದ ವಿಡಿಯೊ ತೆಗೆದೆ. ದೂರದ ತಂಡ ಮಾಯವಾಗಿದೆ. ಈಗ ಎಲ್ಲ ಕಣಗಳೂ ಸಾಲಾಗಿ ಒಂದರ ಹಿಂದೊಂದು ತಿರುಗುತ್ತವೆ.

ಡಬ್ಬಿಯಿಂದ 10 ಮಿ.ಮೀ.ನಲ್ಲಿ ಪಾರ 1.7 ಮಿ.ಮೀ., ಹಿಂದುಳಿಕೆ 58 ಡಿಗ್ರಿ.
20 ಮಿ.ಮೀ.ನಲ್ಲಿ 0.6 ಮಿ.ಮೀ., 114 ಡಿಗ್ರಿ.
30 ಮಿ.ಮೀ.ನಲ್ಲಿ 0.2 ಮಿ.ಮೀ.ಗಿಂತ ತುಸು ಕಡಿಮೆ, 150 ಡಿಗ್ರಿ.

ಮೊದಲ ಎರಡರ ಫೇಸ್‌ನಿಂದ δ 10 ಮಿ.ಮೀ. ಬರುತ್ತದೆ. ಪಾರದಿಂದ 9.4. ಹತ್ತಿರ ಬಂದಿವೆ, ಆದರೆ ಇನ್ನೂ ಒಂದಾಗಿಲ್ಲ. 30 ಮಿ.ಮೀ.ನಲ್ಲಂತೂ 172 ಡಿಗ್ರಿ ಬರಬೇಕಿತ್ತು, 150ಕ್ಕೇ ನಿಂತಿದೆ.

ಸ್ನಿಗ್ಧತೆ

ಒಳ್ಳೆಯ ಅಳತೆಗಳು. ಇಲ್ಲಿ ಎರಡು ಬೇರೆ ಬೇರೆ ಕಾರಣಗಳಿವೆ.

9.4 ಮತ್ತು 10ರ ವ್ಯತ್ಯಾಸ ಡಬ್ಬಿಯ ದುಂಡಿನಿಂದ ಬಂದದ್ದು. ಹೊರಗೆ ಹೋದಂತೆ ವೃತ್ತ ದೊಡ್ಡದಾಗುತ್ತದೆ, ಎಳೆತ ಹೆಚ್ಚು ದ್ರವಕ್ಕೆ ಹಂಚಿಹೋಗುತ್ತದೆ, ಪಾರ ಇನ್ನಷ್ಟು ಇಳಿಯುತ್ತದೆ. ಪ್ರತಿ ಪಾರವನ್ನೂ √(r/R) ಇಂದ ಗುಣಿಸಿ ನಂತರ ಲಾಗ್ ತೆಗೆಯಿರಿ. ಇಲ್ಲಿ r ಕಣದ ತ್ರಿಜ್ಯ, R ಡಬ್ಬಿಯದು. 10 ಮಿ.ಮೀ.ನಲ್ಲಿ r = 70, ಗುಣಕ 1.08. ನಿಮ್ಮ 1.7 ಆಗ 1.84 ಆಗುತ್ತದೆ, 5ರಿಂದ ಭಾಗಿಸಿದರೆ 0.368. ಅದು 1/e ತಾನೇ. 20 ಮಿ.ಮೀ.ನಲ್ಲಿ ಗುಣಕ 1.15, ಪಾರದ ಪಾಲು 0.14. ಅದೂ 10 ಮಿ.ಮೀ.ಗೇ ಹತ್ತಿರ. ದುಂಡಿನಿಂದ ಫೇಸ್‌ಗೆ ಆಗುವ ವ್ಯತ್ಯಾಸ ಅರ್ಧ ಡಿಗ್ರಿಯೂ ಇಲ್ಲ, ಬಿಟ್ಟುಬಿಡಿ.

30 ಮಿ.ಮೀ.ನ 150 ಡಿಗ್ರಿ ಹೊರಗೋಡೆಯ ಕೆಲಸ. ಗೋಡೆಗೆ ಅಂಟಿದ ದ್ರವ ಅಲುಗುವಂತಿಲ್ಲ. ಅದರಿಂದಾಗಿ ಗೋಡೆಯಿಂದ ಒಂದು ಎದುರು ಅಲೆ ಹೊರಟು ಒಳಬರುವ ಅಲೆಯೊಡನೆ ಸೇರುತ್ತದೆ. ಎರಡನ್ನೂ ಕೂಡಿಸಿದ ಪೂರ್ತಿ ಉತ್ತರ ಹೀಗೆ:

u = U · Re[ sinh((1+i)(h−y)/δ) / sinh((1+i)h/δ) · e^(iωt) ]

ಇಲ್ಲಿ h ಡಬ್ಬಿಗೂ ಹೊರಗೋಡೆಗೂ ನಡುವಿನ ಜಾಗ. h = 35, δ = 10 ಹಾಕಿದರೆ 30 ಮಿ.ಮೀ.ನಲ್ಲಿ 151 ಡಿಗ್ರಿ ಬರುತ್ತದೆ. ನಿಮಗೆ ಸಿಕ್ಕಿದ್ದೂ ಅದೇ. ಗೋಡೆಯ ಪಕ್ಕಕ್ಕೆ ಹೋದರೆ ಹಿಂದುಳಿಕೆ h/δ ರೇಡಿಯನ್‌ಗಿಂತ ಸರಿಯಾಗಿ 45 ಡಿಗ್ರಿ ಕಡಿಮೆಗೆ ನಿಲ್ಲುತ್ತದೆ. ಇಲ್ಲಿ 200ರ ಬದಲು 155. ಪಾರದಲ್ಲಿ ಗೋಡೆಯ ಪರಿಣಾಮ ಕಾಣುವುದು ಕಷ್ಟ: 30 ಮಿ.ಮೀ.ನಲ್ಲಿ ಗೋಡೆ ಇದ್ದರೆ ಹಲಗೆಯ ಪಾರದ ನೂರಕ್ಕೆ 4.3, ಇಲ್ಲದಿದ್ದರೆ ನೂರಕ್ಕೆ 5. ಮೊಬೈಲ್ ಚಿತ್ರದಲ್ಲಿ ಈ ಅಂತರ ಸಿಗದು. ಆದರೆ ಫೇಸ್‌ನಲ್ಲಿ 21 ಡಿಗ್ರಿಯ ಅಂತರ, ಏಳು ಚೌಕಟ್ಟು. ಆದ್ದರಿಂದ ಗೋಡೆ ಅಡ್ಡ ಬರುತ್ತಿದೆಯೇ ಎಂದು ತಿಳಿಯಲು ಫೇಸ್ ನೋಡಿ. δ ತೆಗೆಯಲು ಗೋಡೆಯಿಂದ ಒಂದೂವರೆ δ ದೂರದಲ್ಲೇ ನಿಲ್ಲಿಸಿ.

ಸಣ್ಣ ಪಾರದ ಕಣಕ್ಕೆ ಒಂದು ಆವರ್ತ ನೋಡಿ ಫೇಸ್ ಹೇಳಬೇಡಿ. ಇಪ್ಪತ್ತು ಆವರ್ತಗಳ ಸ್ಥಾನಗಳಿಗೆ ಒಂದೇ ಸೈನ್ ರೇಖೆ ಹೊಂದಿಸಿ ಓದಿ.

ಮಣ್ಣು_ಮಾಪನ

ನಾನು ಕೃಷಿ ಹವಾಮಾನದ ಕೆಲಸದಲ್ಲಿದ್ದೇನೆ. ಈ ಚರ್ಚೆ ಓದಿ ಬೆರಗಾಯಿತು, ನಮ್ಮದೂ ಇದೇ ಸಮೀಕರಣ. ಹಗಲಿನ ಬಿಸಿ ಮಣ್ಣಿನ ಕೆಳಗೆ ಇಳಿಯುವಾಗ ತಗ್ಗುತ್ತಾ ತಡವಾಗುತ್ತಾ ಹೋಗುತ್ತದೆ. ಹಲಗೆಯ ವೇಗದ ಜಾಗದಲ್ಲಿ ನೆಲದ ಉಷ್ಣತೆ, ಸ್ನಿಗ್ಧತೆಯ ಜಾಗದಲ್ಲಿ ಮಣ್ಣಿನ ಉಷ್ಣ ವಿಸರಣೆ. 5 ಮತ್ತು 20 ಸೆಂ.ಮೀ. ಆಳದ ದಾಖಲೆ ನಮ್ಮಲ್ಲಿದೆ. ಗರಿಷ್ಠ ಉಷ್ಣತೆ 20 ಸೆಂ.ಮೀ.ನಲ್ಲಿ 5 ಗಂಟೆ ತಡವಾಗಿ ಬರುತ್ತದೆ. ದಿನಕ್ಕೆ 360 ಡಿಗ್ರಿ ಎಂದರೆ 5 ಗಂಟೆಗೆ 75 ಡಿಗ್ರಿ, 1.3 ರೇಡಿಯನ್. 15 ಸೆಂ.ಮೀ. ಅಂತರಕ್ಕೆ δ 11.5 ಸೆಂ.ಮೀ. ಆಗುತ್ತದೆ. ಆದರೆ ಪಾರದ ಅನುಪಾತದಿಂದ ತೆಗೆದರೆ 9 ಬರುತ್ತದೆ. ಮಳೆಯ ಮರುದಿನ ಇವು ಇನ್ನೂ ದೂರ ಸರಿಯುತ್ತವೆ. ನಮ್ಮಲ್ಲಿ ಮರಳುವ ಹರಿವೂ ಇಲ್ಲ, ಗೋಡೆಯೂ ಇಲ್ಲ. ಕಾರಣ ಏನಿರಬಹುದು?

ಸ್ನಿಗ್ಧತೆ

ನಿಮ್ಮ ಹೊಲಕ್ಕೆ ನಾನು ಖಚಿತವಾಗಿ ಹೇಳಲಾರೆ, ಆದರೆ ಮೊದಲು ಎರಡು ವಿಷಯ ನೋಡಿ. ನೀವು ಗರಿಷ್ಠಗಳ ತಡವನ್ನು ಅಳೆದಿದ್ದೀರಿ. ನೆಲದ ಉಷ್ಣತೆ ಶುದ್ಧ ಸೈನ್ ಅಲ್ಲ: ಹಗಲಲ್ಲಿ ಗುಡ್ಡದಂತೆ ಏರುತ್ತದೆ, ರಾತ್ರಿ ನಿಧಾನ ಇಳಿಯುತ್ತದೆ. ಅದರಲ್ಲಿ 12 ಗಂಟೆಯ ಆವರ್ತವೂ ಸೇರಿದೆ. 12 ಗಂಟೆಯದಕ್ಕೆ δ ಚಿಕ್ಕದು, √2 ಪಟ್ಟು ಕಡಿಮೆ, ಅದು ಬೇಗ ಸಾಯುತ್ತದೆ. ಆಗ ಅಲೆಯ ಆಕಾರವೇ ಆಳಕ್ಕೆ ಹೋದಂತೆ ಬದಲಾಗಿ ಗರಿಷ್ಠ ಸರಿದುಬಿಡುತ್ತದೆ. 24 ಗಂಟೆಯ ಭಾಗವನ್ನು ಮಾತ್ರ ಬೇರ್ಪಡಿಸಿ ಪಾರ, ಫೇಸ್ ಎರಡನ್ನೂ ತೆಗೆಯಿರಿ. ಎರಡನೆಯದು, ಮಳೆಯ ನಂತರ ನೀರು ಕೆಳಗೆ ಇಳಿಯುತ್ತಾ ತನ್ನೊಡನೆ ಬಿಸಿಯನ್ನೂ ಒಯ್ಯುತ್ತದೆ, ಮೇಲಿನ ಮಣ್ಣು ಒದ್ದೆ, ಕೆಳಗಿನದು ಒಣ. ಒಂದೇ δ ಎಂಬ ಊಹೆಯೇ ಅಲ್ಲಿ ನಿಲ್ಲುವುದಿಲ್ಲ.

ಬಿಎಸ್ಸಿ_ಕೊನೆ_ವರ್ಷ

ಗ್ಲಿಸರಿನ್ ದುಬಾರಿ. ನಮ್ಮ ಹಾಸ್ಟೆಲ್‌ನಲ್ಲಿ ಇದನ್ನು ಶಾಂಪೂವಿನಲ್ಲಿ ಮಾಡಿ ನೋಡಬೇಕೆಂದಿದ್ದೇವೆ. ದಪ್ಪಗಿರುತ್ತದೆ, ಪಾರದರ್ಶಕವೂ ಹೌದು. ಆಗಬಹುದೇ ಮೇಡಂ?

ಸ್ನಿಗ್ಧತೆ

ಮಾಡಿ, ಆದರೆ ಇದೇ ಸೂತ್ರ ಸಿಗುತ್ತದೆಂದು ನಿರೀಕ್ಷಿಸಬೇಡಿ. ಶಾಂಪೂ ಕೇವಲ ಸ್ನಿಗ್ಧವಲ್ಲ, ಸ್ವಲ್ಪ ಸ್ಥಿತಿಸ್ಥಾಪಕ ಕೂಡ. ಬಾಟಲಿಯನ್ನು ಥಟ್ಟನೆ ತಿರುಗಿಸಿ ನಿಲ್ಲಿಸಿ ಒಳಗಿನ ಗುಳ್ಳೆಯನ್ನು ನೋಡಿ. ನಿಂತ ಮೇಲೆ ಗುಳ್ಳೆ ತುಸು ಹಿಂದಕ್ಕೆ ಬಂದರೆ ದ್ರವ ಪುಟಿಯುತ್ತಿದೆ ಎಂದರ್ಥ. ಗ್ಲಿಸರಿನ್‌ನಲ್ಲಿ ಹಾಗೆ ಬರುವುದಿಲ್ಲ.

ಅಂಥ ದ್ರವದಲ್ಲಿ ಅಲೆ ಹೆಚ್ಚು ದೂರ ಬದುಕುತ್ತದೆ. ಒಂದು ರೇಡಿಯನ್ ಹಿಂದೆ ಬೀಳುವಾಗ ಪಾರ e ಪಟ್ಟು ಕುಗ್ಗುವುದಿಲ್ಲ, ಅದಕ್ಕಿಂತ ಕಡಿಮೆ ಕುಗ್ಗುತ್ತದೆ. ಹಾಗಾಗಿ ಪಾರದಿಂದ ತೆಗೆದ ಆಳ ಫೇಸ್‌ನಿಂದ ತೆಗೆದದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. ಗೋಡೆಯ ಪಕ್ಕದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು: ಅಲ್ಲಿ ಫೇಸ್ ನಿಂತುಬಿಡುತ್ತದೆ, ಪಾರ ಸೊನ್ನೆಗೆ ಇಳಿಯುತ್ತದೆ. ಎರಡನ್ನೂ ಗೊಂದಲ ಮಾಡಿಕೊಳ್ಳುವ ಭಯವಿಲ್ಲ. ನಿಮ್ಮ ಪಾತ್ರೆ ಅಗಲವಾಗಿರಲಿ, ಆಗ ಎರಡು ಆಳಗಳ ಅನುಪಾತದಿಂದಲೇ ಶಾಂಪೂ ಎಷ್ಟು ಪುಟಿಯುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಪಾರವನ್ನು ಸಣ್ಣದಾಗಿಡಿ. ಜೋರಾಗಿ ಆಡಿಸಿದರೆ ಶಾಂಪೂ ತೆಳ್ಳಗಾಗುತ್ತದೆ, ಹಲಗೆಯ ಹತ್ತಿರ ಒಂದು ಸ್ನಿಗ್ಧತೆ, ದೂರದಲ್ಲಿ ಇನ್ನೊಂದು ಆಗಿಬಿಡುತ್ತದೆ.

ಲ್ಯಾಬ್_ಮೇಷ್ಟ್ರು

ಹೊಸ ಸಮಸ್ಯೆ. ಮಳೆ ಹಿಡಿದುಕೊಂಡ ಕಾರಣ ಕೆಲವು ದಿನ ಪ್ರಯೋಗ ನಿಲ್ಲಿಸಿದ್ದೆ, ಪಾತ್ರೆ ತೆರೆದೇ ಇತ್ತು. ಇವತ್ತು ಗ್ಲಿಸರಿನ್ ಚೆನ್ನಾಗಿ ಕಲಕಿ, ಗುಳ್ಳೆ ಅಡಗಲು ಬಿಟ್ಟು ಮತ್ತೆ ಅಳೆದೆ. ದುಂಡಿನ ತಿದ್ದುಪಡಿ ಮಾಡಿದ ಮೇಲೆ ಪಾರದಿಂದ 7.5 ಮಿ.ಮೀ., ಫೇಸ್‌ನಿಂದಲೂ 7.5. ಎರಡೂ ಒಂದೇ, ಆದರೆ 10 ಅಲ್ಲ. ಉಷ್ಣತೆ ಅದೇ 27.

ಸ್ನಿಗ್ಧತೆ

ಎರಡೂ ಒಂದಾಗಿವೆ ಎಂದರೆ ಏರ್ಪಾಡಿನ ಮೇಲೆ ಅನುಮಾನ ಬೇಡ. ಬದಲಾಗಿರುವುದು ದ್ರವ. ಗ್ಲಿಸರಿನ್ ಗಾಳಿಯ ತೇವವನ್ನು ಹೀರುತ್ತದೆ. 25 ಡಿಗ್ರಿಯಲ್ಲಿ ಶುದ್ಧ ಗ್ಲಿಸರಿನ್‌ನ ಸ್ನಿಗ್ಧತೆ 0.9 ಪ್ಯಾಸ್ಕಲ್-ಸೆಕೆಂಡಿಗಿಂತ ಹೆಚ್ಚು. ತೂಕದಲ್ಲಿ ನೂರಕ್ಕೆ 5 ನೀರು ಸೇರಿದರೆ ಅದು 0.4ಕ್ಕಿಂತ ಕೆಳಗೆ ಬೀಳುತ್ತದೆ. δ ಸ್ನಿಗ್ಧತೆಯ ವರ್ಗಮೂಲದಂತೆ ಇಳಿಯುವುದರಿಂದ ನಿಮ್ಮ 10ರಿಂದ 7.5 ಎಂದರೆ ಸ್ನಿಗ್ಧತೆ ಸುಮಾರು 0.56 ಪಟ್ಟಾಗಿದೆ. ನೂರಕ್ಕೆ ಮೂರರ ಆಸುಪಾಸು ನೀರು ಸೇರಿರಬೇಕು. ಪ್ರಯೋಗ ಮುಗಿದ ಕೂಡಲೇ ಮುಚ್ಚಿಡಿ.

ಬಿಎಸ್ಸಿ_ಕೊನೆ_ವರ್ಷ

ಮೇಡಂ, ಕಲಕದೆ ಇದ್ದರೆ ನೀರು ಮೇಲಿನ ಪದರದಲ್ಲೇ ಉಳಿಯುವುದಿಲ್ಲವೇ? ಡಬ್ಬಿ ತಿರುಗುವಾಗ ದ್ರವ ಮೇಲೆ ಕೆಳಗೆ ಬೆರೆಯುವುದೇ ಇಲ್ಲ. ಥರ್ಮಾಕೋಲ್ ಪುಡಿ ತೇಲುವುದು ಆ ತೆಳು ಪದರದ ಮೇಲೆ. ಹಾಗಾದರೆ ಪುಡಿ ಹೇಳುವುದು ಮೇಲಿನ ನೀರುಬೆರೆತ ಪದರದ ಕಥೆಯೋ, ಕೆಳಗಿನ ಶುದ್ಧ ಗ್ಲಿಸರಿನ್‌ನ ಕಥೆಯೋ?

ನಿವೃತ್ತ_ಎಂಜಿನಿಯರ್

ಕೆಳಗಿನದೇ. ಮೇಲಿನ ಪದರ ತೀರಾ ತೆಳು, ಕೆಳಗಿನ ದಪ್ಪ ದ್ರವ ಅದನ್ನು ಎಳೆದುಕೊಂಡೇ ಹೋಗುತ್ತದೆ. ಅದಕ್ಕೆ ಸ್ವಂತ ಚಲನೆ ಎಲ್ಲಿಂದ ಬರಬೇಕು?

ಸ್ನಿಗ್ಧತೆ

ತೆಳುವಾಗಿದ್ದರೆ ಸರ್ ಹೇಳಿದಂತೆಯೇ. ಆ ಪದರದ ದಪ್ಪ ಅದರದೇ δ ಗೆ ಸಮೀಪವಾಗುವಷ್ಟು ಬೆಳೆದರೆ ಆ ಮಾತು ನಿಲ್ಲುವುದಿಲ್ಲ, ಮೇಲಿನ ಪದರ ತನ್ನದೇ ಕುಸಿತವನ್ನೂ ಹಿಂದುಳಿಕೆಯನ್ನೂ ತೋರಿಸತೊಡಗುತ್ತದೆ. ಕೆಲವು ದಿನಗಳಲ್ಲಿ ನೀರು ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಅಳೆದೇ ನೋಡಬೇಕು. ಮೇಷ್ಟ್ರೇ, ಕಲಕುವ ಮೊದಲಿನ ವಿಡಿಯೊ ಇದೆಯೇ?

ಲ್ಯಾಬ್_ಮೇಷ್ಟ್ರು

ಇಲ್ಲ. ಆದರೆ ಹೀಗೆ ಮಾಡಬಹುದು: ಈಗ ಪಾತ್ರೆಯನ್ನು ಬೇಕೆಂದೇ ತೆರೆದಿಟ್ಟು, ಕಲಕದೆ, ಮೇಲೆ ಥರ್ಮಾಕೋಲ್ ಪುಡಿಯನ್ನೂ 40 ಮಿ.ಮೀ. ಆಳದಲ್ಲಿ ಪಿಚಕಾರಿ ಸೂಜಿಯಿಂದ ಬಿಟ್ಟ ಗಾಳಿಗುಳ್ಳೆಗಳನ್ನೂ ಒಂದೇ ವಿಡಿಯೊದಲ್ಲಿ ಹಿಡಿಯುತ್ತೇನೆ. ಡಬ್ಬಿಯಿಂದ ಒಂದೇ ದೂರದಲ್ಲಿರುವ ಪುಡಿಯ ಕಣ ಮತ್ತು ಗುಳ್ಳೆ ಒಟ್ಟಿಗೆ ತಿರುಗುತ್ತವೆಯೇ ಎಂದು ನೋಡಿದರೆ ಸಾಕು. ಮಳೆ ಇನ್ನೂ ಇದೆ.

ನಿವೃತ್ತ_ಎಂಜಿನಿಯರ್

ಅದೇ ಹೊತ್ತಿನಲ್ಲಿ ಮೋಟರಿನ ಕರೆಂಟನ್ನೂ ಬರೆದಿಡಿ ಮೇಷ್ಟ್ರೇ. ಖಾಲಿ ಡಬ್ಬಿಯದು ಒಮ್ಮೆ, ಗ್ಲಿಸರಿನ್‌ನಲ್ಲಿ ಒಮ್ಮೆ.